ಇನ್ನೊಂದ್ಸಲ ಆನ್ ಮಾಡಿ ನೋಡೋಣ ಅನ್ನುವ ಮುನ್ನ

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಅರ್ಧ ದಿನ ಕೂತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ: "ಇನ್ನೊಂದ್ಸಲ ಆನ್ ಮಾಡಿ ನೋಡಿ ಸಾರ್, ನಿನ್ನೆ ರಾತ್ರಿನೂ ಹಿಂಗೇ ಹ್ಯಾಂಗ್ ಆಗಿತ್ತು, ಬೆಳಿಗ್ಗೆ ತಾನಾಗೇ ಸರಿಹೋಯ್ತು." ಮಾನಿಟರ್ ಕೆಟ್ಟಿದ್ದರೆ, ಪವರ್ ಸಪ್ಲೈ ಕೈಕೊಟ್ಟಿದ್ದರೆ ಹಾಗೆ ಹತ್ತು ಸಲ ಆನ್ ಮಾಡಿದರೂ ದೊಡ್ಡ ನಷ್ಟವಿಲ್ಲ. ಕೆಡುತ್ತಿರುವುದು ಹಾರ್ಡ್ ಡಿಸ್ಕ್ ಆಗಿದ್ದರೆ ಮಾತು ಬೇರೆ. ಸಾಯುತ್ತಿರುವ ಡಿಸ್ಕ್ ಒಂದೇ ಏಟಿಗೆ ಸಾಯುವುದು ಅಪರೂಪ. ಒಂದು ದಿನ ಓಡುತ್ತದೆ, ಒಂದು ದಿನ ಮುಷ್ಕರ ಹೂಡುತ್ತದೆ, ಮತ್ತೆ ಓಡುತ್ತದೆ. ಆ ಕೊನೆಯ ಓಟಗಳು ಎಷ್ಟು ಉಳಿದಿವೆ ಎಂದು ಹೊರಗಿನಿಂದ ಹೇಳಲು ಬರುವುದಿಲ್ಲ. ನಾವೋ, ಉಳಿದಿರುವ ಆ ಕೆಲವೇ ಓಟಗಳನ್ನು "ಸರಿಹೋಯಿತಾ" ಎಂದು ನೋಡುವುದಕ್ಕೇ ಖರ್ಚು ಮಾಡಿಬಿಡುತ್ತೇವೆ.

ಈ ಲೇಖನ ಹೇಳಹೊರಟಿರುವುದು ಇಷ್ಟೇ: ಅನುಮಾನ ಬಂದ ಡಿಸ್ಕ್‌ಗೆ ಮತ್ತೆ ಕರೆಂಟು ಕೊಡುವುದಾದರೆ ಅದು ನಕಲು ತೆಗೆಯುವುದಕ್ಕೆ ಮಾತ್ರ. ನೋಡುವುದು, ಸರಿಪಡಿಸುವುದು, ಫೈಲ್ ಹುಡುಕುವುದು ಎಲ್ಲವೂ ಆಮೇಲೆ, ಆ ನಕಲಿನ ಮೇಲೆ.

ಮೊದಲು, ಸ್ವಿಚ್ ಒತ್ತಿದಾಗ ಒಳಗೆ ಏನಾಗುತ್ತದೆ ನೋಡೋಣ. ಡೆಸ್ಕ್‌ಟಾಪ್‌ನಲ್ಲಿರುವ ಸಾಮಾನ್ಯ ಹಾರ್ಡ್ ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಓದುವ ಹೆಡ್ ಆ ತಟ್ಟೆಗೆ ತಾಗುವುದಿಲ್ಲ. ತಟ್ಟೆಯ ವೇಗಕ್ಕೆ ಏಳುವ ಗಾಳಿಯ ಪದರದ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್ ಎಂದರೆ ಈ ಎತ್ತರದ ಅಂದಾಜು ಸಿಗಬಹುದು. ಹೆಡ್ ಸವೆದಿದ್ದರೆ, ತಟ್ಟೆಯ ಮೇಲೆ ಒಂದು ಗೀರು ಬಿದ್ದಿದ್ದರೆ, ಆ ಗೀರಿನಿಂದೆದ್ದ ಪುಡಿ ಒಳಗೇ ಓಡಾಡುತ್ತಿದ್ದರೆ, ತಿರುಗಿದಷ್ಟೂ ಹೊತ್ತು ಹಾನಿ ಬೆಳೆಯುತ್ತ ಹೋಗುತ್ತದೆ. ದತ್ತಾಂಶ ಇರುವುದು ತಟ್ಟೆಯ ಮೇಲ್ಮೈಯ ತೆಳು ಕಾಂತೀಯ ಪದರದಲ್ಲಿ. ಅದು ಉಜ್ಜಿಹೋದರೆ ಡೇಟಾ ರಿಕವರಿ ಲ್ಯಾಬ್‌ನವರಿಗೂ ಓದಲು ಏನೂ ಉಳಿದಿರುವುದಿಲ್ಲ.

ಇನ್ನು ವಿಂಡೋಸ್ ತೆರೆದುಕೊಳ್ಳುವ ಆ ಒಂದೆರಡು ನಿಮಿಷ. ನಾವು ಒಂದು ಫೈಲನ್ನೂ ಮುಟ್ಟಿಲ್ಲ ಅಂದುಕೊಂಡಿರುತ್ತೇವೆ. ಅಷ್ಟರಲ್ಲಿ ಸಾವಿರಾರು ಸಣ್ಣ ಸಣ್ಣ ಫೈಲ್‌ಗಳಿಗಾಗಿ ಹೆಡ್ ತಟ್ಟೆಯ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಜಿಗಿದಾಡಿರುತ್ತದೆ. ಆಂಟಿವೈರಸ್ ಎದ್ದು ತನ್ನ ಹುಡುಕಾಟ ಶುರುಮಾಡುತ್ತದೆ, ಅಪ್‌ಡೇಟ್ ಇಳಿಯತೊಡಗುತ್ತದೆ, ಸರ್ಚ್‌ಗಾಗಿ ಫೈಲ್‌ಗಳ ಪಟ್ಟಿ ತಯಾರಾಗುತ್ತದೆ. ಇವುಗಳಲ್ಲಿ ಹಲವು ಬರೀ ಓದುವುದಿಲ್ಲ, ಬರೆಯುತ್ತವೆ ಕೂಡ. ಫೈಲ್ ಸಿಸ್ಟಮ್‌ನಲ್ಲಿ ಏನೋ ತಪ್ಪಿದೆ ಎಂದು ಗೊತ್ತಾದರೆ ವಿಂಡೋಸ್ ಕೇಳದೆಯೇ chkdsk ಹಚ್ಚುತ್ತದೆ. ತೆರೆಯ ಮೇಲೆ ಕಾಣಿಸುವ "Scanning and repairing drive" ಎಂಬ ಸಾಲು ಸಮಾಧಾನ ಕೊಡುವಂತಿದೆ. ಸೊರಗಿದ ಡಿಸ್ಕ್‌ನ ಮಟ್ಟಿಗೆ ಅದು ಕೆಟ್ಟ ಸುದ್ದಿ.

ಏಕೆ ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಡಿಸ್ಕ್‌ನ ದತ್ತಾಂಶವೆಲ್ಲ ಸೆಕ್ಟರ್ ಎಂಬ ಸಣ್ಣ ತುಂಡುಗಳಲ್ಲಿದೆ. ಒಂದು ಸೆಕ್ಟರ್ ಸುಲಭಕ್ಕೆ ಓದಲು ಸಿಗದಿದ್ದರೆ ಡಿಸ್ಕ್ ಬಿಟ್ಟುಕೊಡುವುದಿಲ್ಲ, ಅದೇ ಜಾಗದಲ್ಲಿ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಹೀಗೆ ಒಂದೊಂದು ಸೆಕ್ಟರ್‌ಗೆ ಹತ್ತಾರು ಸೆಕೆಂಡ್ ಹೋಗಬಹುದು. ನಮ್ಮ ಕಣ್ಣಿಗೆ ಕಾಣುವ "ಹ್ಯಾಂಗ್" ಬಹಳ ಸಲ ಇದೇ. ಕೊನೆಗೂ ಸಿಗದಿದ್ದರೆ ಡಿಸ್ಕ್ ಆ ಜಾಗವನ್ನು "ಅನುಮಾನದ್ದು" ಎಂದು ಗುರುತು ಹಾಕಿಕೊಂಡು ಕಾಯುತ್ತದೆ. ಯಾರಾದರೂ ಆ ಜಾಗಕ್ಕೆ ಹೊಸದಾಗಿ ಏನನ್ನಾದರೂ ಬರೆದರೆ, ಅದು ನಿಲ್ಲದಿದ್ದ ಪಕ್ಷದಲ್ಲಿ, ತನ್ನಲ್ಲಿರುವ ಮೀಸಲು ಸೆಕ್ಟರ್ ಒಂದನ್ನು ಅದರ ಬದಲಿಗೆ ಕೂರಿಸುತ್ತದೆ. ಹಳೆಯ ಸೆಕ್ಟರ್‌ನಲ್ಲಿದ್ದದ್ದು ಅಲ್ಲಿಗೆ ಮುಗಿಯಿತು. "ಫುಲ್ ಫಾರ್ಮ್ಯಾಟ್ ಹೊಡೆದೆ, ಡಿಸ್ಕ್ ಈಗ ಚೆನ್ನಾಗಿದೆ" ಎಂದು ಅಂಗಡಿಯವರು ಹೇಳುವುದರ ಗುಟ್ಟು ಇದು. ಡಿಸ್ಕ್ ಚೆನ್ನಾಗಿ ಕಾಣುತ್ತಿದೆ ನಿಜ, ಇನ್ನೂ ಓದಲು ಸಾಧ್ಯವಿದ್ದ ನಿಮ್ಮ ಫೈಲ್‌ನ ತುಂಡುಗಳು ಹೋದವು.

chkdsk ಕೂಡ ಸುಳ್ಳು ಹೇಳುವ ಉಪಕರಣವಲ್ಲ, ಅದರ ಗುರಿ ಬೇರೆ. ಫೈಲ್ ಸಿಸ್ಟಮ್ ಲೆಕ್ಕ ತಾಳೆಯಾಗಬೇಕು ಎಂಬುದಷ್ಟೇ ಅದಕ್ಕೆ ಬೇಕಾದದ್ದು. ನಿಮ್ಮ ಮಗಳ ಮದುವೆಯ ಫೋಟೊ ಉಳಿಯಬೇಕು ಎಂಬುದು ಅಲ್ಲ. ಓದಲಾಗದ ಫೋಲ್ಡರ್ ದಾಖಲೆ ಎದುರಾದರೆ ಆ ದಾಖಲೆಯನ್ನೇ ಕಿತ್ತುಹಾಕಿ, ಅನಾಥವಾದ ಚೂರುಗಳನ್ನು FOUND.000 ಎಂಬ ಫೋಲ್ಡರ್‌ಗೆ ಹೆಸರಿಲ್ಲದೆ ತುಂಬುತ್ತದೆ. ಅದು ಶುರುವಾಗುವ ಮುನ್ನ ಕೆಲವು ಸೆಕೆಂಡ್ ಯಾವುದಾದರೂ ಕೀ ಒತ್ತಿ ತಪ್ಪಿಸುವ ಅವಕಾಶ ಇರುತ್ತದೆ. ಆ ಅವಕಾಶ ಬಿಡಬೇಡಿ.

ಹಾಗಾದರೆ ಯಾವಾಗ ನಿಲ್ಲಿಸಬೇಕು? ಕಿವಿಯೇ ಮೊದಲ ಉಪಕರಣ. ಒಂದೇ ಲಯದಲ್ಲಿ "ಟಕ್... ಟಕ್... ಟಕ್" ಎಂದು ಬಡಿಯುತ್ತಿದ್ದರೆ ಹೆಡ್‌ಗೆ ತಾನೆಲ್ಲಿದ್ದೇನೆ ಎಂದು ತಿಳಿಯುತ್ತಿಲ್ಲ, ಅದು ತುದಿಯವರೆಗೆ ಹೋಗಿ ಮರಳಿ ಬಂದು ಮತ್ತೆ ಹುಡುಕುತ್ತಿದೆ. ಕೆರೆದಂತೆ, ಲೋಹ ಉಜ್ಜಿದಂತೆ ಸದ್ದು ಬಂದರೆ ಹೆಡ್ ತಟ್ಟೆಯನ್ನು ತಾಗುತ್ತಿದೆ. ಸಣ್ಣಗೆ "ಜುಯ್" ಎಂದೋ "ಬೀಪ್" ಎಂದೋ ಮಾಡಿ ಸುಮ್ಮನಾದರೆ ಮೋಟರ್ ತಿರುಗಲು ಒದ್ದಾಡುತ್ತಿದೆ, ಹೆಡ್ ತಟ್ಟೆಗೆ ಅಂಟಿಕೊಂಡಿರಲೂಬಹುದು. ಈ ಮೂರರಲ್ಲಿ ಯಾವುದು ಕೇಳಿದರೂ ಶಟ್‌ಡೌನ್ ಬಟನ್ ಹುಡುಕುತ್ತ ಕೂರಬೇಡಿ. ವಿಂಡೋಸ್ ತಾನಾಗಿ ಮುಚ್ಚಿಕೊಳ್ಳುವಾಗಲೂ ಡಿಸ್ಕ್‌ಗೆ ಸಾಕಷ್ಟು ಬರೆಯುತ್ತದೆ. ಪವರ್ ಬಟನ್ ಒತ್ತಿಹಿಡಿಯಿರಿ, ಇಲ್ಲವೇ ಪ್ಲಗ್ ಕಿತ್ತುಬಿಡಿ. ಇಂಥ ಡಿಸ್ಕ್‌ಗೆ ಮನೆಯಲ್ಲಿ ಮತ್ತೆ ಕರೆಂಟು ಕೊಡುವಂತಿಲ್ಲ, ನಕಲು ತೆಗೆಯುವುದಕ್ಕೂ ಇಲ್ಲ.

ಸದ್ದಿಲ್ಲದ ಲಕ್ಷಣಗಳು ಇನ್ನೊಂದು ಬಗೆ. ಒಂದು ಫೋಲ್ಡರ್ ತೆರೆದ ಕೂಡಲೇ ಇಡೀ ಕಂಪ್ಯೂಟರ್ ಕಲ್ಲಾಗುವುದು, ಮೊದಲು ಒಂದು ನಿಮಿಷಕ್ಕೆ ತೆರೆಯುತ್ತಿದ್ದ ವಿಂಡೋಸ್ ಕಾಲು ಗಂಟೆ ತೆಗೆದುಕೊಳ್ಳುವುದು, ಕಾಪಿ ಮಾಡುವಾಗ ಒಂದೇ ಫೈಲ್‌ನ ಬಳಿ ಪ್ರತಿ ಸಲ ನಿಲ್ಲುವುದು, ಡಿ ಡ್ರೈವ್ ಒಮ್ಮೆ ಕಂಡು ಒಮ್ಮೆ ಮಾಯವಾಗುವುದು. ಇಲ್ಲಿ ಸ್ವಲ್ಪ ವ್ಯವಧಾನ ಇದೆ. ತೆರೆದಿರುವ ಕೆಲಸವನ್ನು ಪೆನ್ ಡ್ರೈವ್‌ಗೆ ಸೇವ್ ಮಾಡಿ, ಎಂದಿನಂತೆ ಆಫ್ ಮಾಡಿ. ಅಲ್ಲಿಂದಾಚೆಗೆ ಆ ಡಿಸ್ಕ್‌ನಿಂದ ವಿಂಡೋಸ್ ಬೂಟ್ ಮಾಡಬಾರದು.

ಎಲ್ಲ ನಿಧಾನವೂ ಡಿಸ್ಕ್‌ನದೇ ಅಪರಾಧ ಅಲ್ಲ ಎನ್ನುವುದನ್ನೂ ಸೇರಿಸಬೇಕು. ಸಡಿಲಾದ ಸಾಟಾ ಕೇಬಲ್, ಹಾಳಾದ ರ್‍ಯಾಮ್, ಬೇಸಗೆಯ ಬಿಸಿ, ಇವೆಲ್ಲ ಇದೇ ಲಕ್ಷಣ ತೋರಿಸಬಲ್ಲವು. ಆದರೆ ರ್‍ಯಾಮ್ ಕೆಟ್ಟಿದ್ದರೂ ಉತ್ತರ ಬದಲಾಗುವುದಿಲ್ಲ: ಕೆಟ್ಟ ರ್‍ಯಾಮ್ ಮೂಲಕ ಹಾದು ಡಿಸ್ಕ್‌ಗೆ ಬರೆದದ್ದೆಲ್ಲ ತಪ್ಪಾಗಿರಬಹುದು. ಡಿಸ್ಕ್ ಬಿಚ್ಚಿ ಆರೋಗ್ಯವಾಗಿರುವ ಇನ್ನೊಂದು ಯಂತ್ರಕ್ಕೆ ಹಾಕುವುದೇ ಲೇಸು.

ಈಗ ಒಂದು ಪ್ರಸಂಗ ಕಟ್ಟಿಕೊಳ್ಳೋಣ. ಇಂಥ ಅಂಗಡಿಗಳಲ್ಲಿ ಮತ್ತೆ ಮತ್ತೆ ನಡೆಯುವುದನ್ನು ಒಂದೆಡೆ ಸೇರಿಸಿದ್ದು ಅಷ್ಟೇ. ತಾಲ್ಲೂಕು ಕೇಂದ್ರದಲ್ಲಿ ಒಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಕರಪತ್ರ. ನುಡಿಯಲ್ಲಿ ಟೈಪ್ ಮಾಡಿ ಪೇಜ್‌ಮೇಕರ್‌ನಲ್ಲಿ ಕೂರಿಸಿದ ಹತ್ತು ಹದಿನೈದು ವರ್ಷದ ಕೆಲಸ ಒಂದು ಟಿಬಿಯ ಒಂದೇ ಹಾರ್ಡ್ ಡಿಸ್ಕ್‌ನಲ್ಲಿದೆ. ಜಾತ್ರೆಯ ಸ್ಮರಣ ಸಂಚಿಕೆ ಪ್ರೆಸ್ಸಿಗೆ ಹೋಗಬೇಕು. ಪುಟ ತೆರೆದರೆ ಹ್ಯಾಂಗ್. ಸದ್ದಿಲ್ಲ, ಬರೀ ಹ್ಯಾಂಗ್. ಅಂಗಡಿಯ ಹುಡುಗ, "ಅಣ್ಣಾ, ರೀಸ್ಟಾರ್ಟ್ ಮಾಡಿ ಆ ಒಂದು ಫೋಲ್ಡರ್ ಮಾತ್ರ ಕಾಪಿ ಹೊಡ್ಕೊಂಡ್ಬಿಡ್ಲಾ?" ಅನ್ನುತ್ತಾನೆ.

ಅವನ ಮಾತು ತರ್ಕಬದ್ಧವಾಗಿಯೇ ಇದೆ, ಆದರೂ ಬೇಡ. ಒಂದು ಫೋಲ್ಡರ್ ಕಾಪಿ ಮಾಡಲು ವಿಂಡೋಸ್ ಪೂರ್ತಿ ಎದ್ದೇಳಬೇಕು. ಆಮೇಲೆ ಆ ಫೈಲ್‌ಗಳು ತಟ್ಟೆಯ ಎಲ್ಲೆಲ್ಲೋ ಚೆದುರಿರುವುದರಿಂದ ಹೆಡ್ ಮತ್ತೆ ಜಿಗಿದಾಡುತ್ತದೆ. ಕೆಟ್ಟ ಸೆಕ್ಟರ್ ಸಿಕ್ಕ ಕಡೆ ಕಾಪಿ ನಿಂತುಬಿಡುತ್ತದೆ, ಮುಂದಿನ ಒಳ್ಳೆಯ ಫೈಲ್‌ಗಳೂ ಅದರ ಹಿಂದೆ ಕಾಯುತ್ತ ಕೂರುತ್ತವೆ. ಯಾವುದು ಬಂತು, ಯಾವುದು ಬರಲಿಲ್ಲ ಎಂಬ ಲೆಕ್ಕ ಇರುವುದಿಲ್ಲ. ಡಿಸ್ಕ್ ಇಮೇಜ್ ಇದಕ್ಕೆ ತದ್ವಿರುದ್ಧ. ಫೈಲ್, ಫೋಲ್ಡರ್ ಎಂಬ ಗೊಡವೆಯೇ ಇಲ್ಲದೆ ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್‌ವರೆಗೆ ಇದ್ದದ್ದನ್ನು ಇದ್ದ ಹಾಗೆ ಒಂದು ದೊಡ್ಡ ಫೈಲ್‌ಗೆ ಇಳಿಸುವುದು. ಹೆಡ್ ಸಾಲಾಗಿ ಸಾಗುತ್ತದೆ, ಕೆಟ್ಟ ಜಾಗ ಬಂದರೆ ಹಾರಿಹೋಗುತ್ತದೆ, ಹಾರಿದ್ದನ್ನು ಉಪಕರಣ ಬರೆದಿಟ್ಟುಕೊಳ್ಳುತ್ತದೆ.

ಈ ಕೆಲಸಕ್ಕೆ ದುಡ್ಡು ಕೊಡಬೇಕಿಲ್ಲದ ಒಳ್ಳೆಯ ಉಪಕರಣ GNU ddrescue. ಆಂಟೋನಿಯೊ ಡಿಯಾಸ್ ಡಿಯಾಸ್ ಎಂಬುವರು ಬರೆದು ನಿರ್ವಹಿಸುತ್ತಿರುವ ಮುಕ್ತ ತಂತ್ರಾಂಶ ಇದು. ಉಬುಂಟುವಿನಲ್ಲಿ ಪ್ಯಾಕೇಜ್ ಹೆಸರು gddrescue, ಟೈಪ್ ಮಾಡಬೇಕಾದ ಹೆಸರು ddrescue. SystemRescue ಎಂಬ ಲಿನಕ್ಸ್ ಅನ್ನು ಪೆನ್ ಡ್ರೈವ್‌ಗೆ ಇಳಿಸಿಕೊಂಡರೆ ಅದರಲ್ಲಿ ಇದು ಮೊದಲೇ ಇರುತ್ತದೆ. ಆ ಪೆನ್ ಡ್ರೈವ್ ತಯಾರಿಯನ್ನು ಬೇರೆ ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳಬೇಕು ಅಂತ ಬೇರೆ ಹೇಳಬೇಕಾಗಿಲ್ಲ.

ನಕಲು ಇಳಿಸಲು ಇನ್ನೊಂದು ಡಿಸ್ಕ್ ಬೇಕು, ಹಳೆಯದಕ್ಕಿಂತ ದೊಡ್ಡದು. ಡಿಟಿಪಿ ಅಂಗಡಿಯ ಒಂದು ಟಿಬಿಗೆ ನಾಲ್ಕು ಟಿಬಿ ಡಿಸ್ಕ್ ತಂದರೆ ಮುಂದೆ ಇಮೇಜಿನ ಇನ್ನೊಂದು ಪ್ರತಿ ಇಡಲೂ ಜಾಗ ಸಿಗುತ್ತದೆ. ಅದು FAT32 ಆಗಿದ್ದರೆ ನಾಲ್ಕು ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. Ext4 ಆದರೆ ಉತ್ತಮ, exFAT ಅಥವಾ NTFS ಆದರೂ ನಡೆಯುತ್ತದೆ. ಸಾಧ್ಯವಾದರೆ ಕೆಟ್ಟ ಡಿಸ್ಕ್ ಅನ್ನು ಯುಎಸ್‌ಬಿ ಡಬ್ಬಿಗೆ ಹಾಕದೆ ನೇರ ಸಾಟಾ ಕೇಬಲ್‌ಗೆ ಜೋಡಿಸಿ. ಡಬ್ಬಿಯೊಳಗಿನ ಅಗ್ಗದ ಚಿಪ್ ಓದುವಲ್ಲಿ ದೋಷ ಬಂದಾಗ ತಾನೇ ಸ್ತಬ್ಧವಾಗಿಬಿಡುವುದುಂಟು. ಡಿಸ್ಕ್‌ನ ಪಕ್ಕ ಒಂದು ಟೇಬಲ್ ಫ್ಯಾನ್, ಎಲ್ಲಕ್ಕೂ ಯುಪಿಎಸ್. ಗಂಟೆಗಟ್ಟಲೆ ನಡೆಯುವ ಕೆಲಸ ಇದು. ನಡುವೆ ಕರೆಂಟು ಹೋಗಿ ಬರುವುದೆಂದರೆ ಡಿಸ್ಕ್‌ಗೆ ಇನ್ನೊಂದು ಸಲ ನಿಂತು ಏಳುವ ಶಿಕ್ಷೆ.

ಪೆನ್ ಡ್ರೈವ್‌ನಿಂದ ಬೂಟ್ ಆದ ಮೇಲೆ ಮೊದಲ ಕೆಲಸ, ಯಾವ ಡಿಸ್ಕ್ ಯಾವುದು ಎಂದು ಗುರುತಿಸುವುದು:

```
lsblk -o NAME,SIZE,MODEL,SERIAL
```

ತೆರೆಯಲ್ಲಿ ಬಂದ ಸೀರಿಯಲ್ ನಂಬರನ್ನು ಡಿಸ್ಕ್‌ನ ಮೇಲಿನ ಚೀಟಿಯೊಂದಿಗೆ ಕಣ್ಣಾರೆ ಹೋಲಿಸಿ, ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಈ ಕೆಲಸದಲ್ಲಿ ಆಗಬಹುದಾದ ಅತಿ ದೊಡ್ಡ ಅನಾಹುತ ಖಾಲಿ ಡಿಸ್ಕ್ ಅನ್ನು ಹಳೆಯದರ ಮೇಲೆ ನಕಲು ಮಾಡಿಬಿಡುವುದು. ಸಾಲಿನಲ್ಲಿ ಮೊದಲು ಬರುವುದು ಎಲ್ಲಿಂದ, ಆಮೇಲೆ ಬರುವುದು ಎಲ್ಲಿಗೆ. ಡಿಸ್ಕ್‌ನಿಂದ ಡಿಸ್ಕ್‌ಗೆ ನೇರ ಬರೆಯಲು ddrescue ಪ್ರತ್ಯೇಕ ಅಪ್ಪಣೆ ಕೇಳುತ್ತದೆ; ಫೈಲ್‌ಗೆ ಇಳಿಸುವುದರಲ್ಲಿ ಈ ಒಂದು ರಕ್ಷಣೆ ಹೆಚ್ಚು. ಕೆಟ್ಟ ಡಿಸ್ಕ್‌ನ ಯಾವ ಭಾಗವನ್ನೂ ಮೌಂಟ್ ಮಾಡಬೇಡಿ. ಬರೀ ನೋಡುವುದಕ್ಕೆ ಮೌಂಟ್ ಮಾಡಿದರೂ ಕೆಲವು ಫೈಲ್ ಸಿಸ್ಟಮ್‌ಗಳಲ್ಲಿ ಬರವಣಿಗೆ ಆಗುತ್ತದೆ.

ಡಿಸ್ಕ್‌ನ ಆರೋಗ್ಯದ ದಾಖಲೆಯನ್ನು ಒಮ್ಮೆ ನೋಡಬಹುದು, ಅದಕ್ಕೆ ಒಂದು ಕ್ಷಣ ಸಾಕು:

```
smartctl -A /dev/sda
```

ಪಟ್ಟಿ ಉದ್ದವಿರುತ್ತದೆ, ನಮಗೆ ಬೇಕಾದದ್ದು ಕೆಲವು ಸಾಲು ಮಾತ್ರ. 5 ಎಂಬ ಸಂಖ್ಯೆಯ ಸಾಲು ಈಗಾಗಲೇ ಬದಲಾಯಿಸಿದ ಸೆಕ್ಟರ್‌ಗಳ ಲೆಕ್ಕ, 197 ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳದು. 197ರಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ತೀರ್ಮಾನ ಆಯಿತು ಅಂತಲೇ ಲೆಕ್ಕ. ಇವೆರಡೂ ಸೊನ್ನೆ ಇದ್ದು 199 ಮಾತ್ರ ಏರುತ್ತಿದ್ದರೆ ಕೇಬಲ್ ಬದಲಾಯಿಸಿ ನೋಡಿ, ಡಿಸ್ಕ್ ನಿರಪರಾಧಿ ಇರಬಹುದು. ಇದೇ ಉಪಕರಣ ಒಟ್ಟಾರೆ ತೀರ್ಪಾಗಿ ಕೊಡುವ PASSED ಎಂಬ ಪದಕ್ಕೆ ಮಾತ್ರ ಮೋಸಹೋಗಬೇಡಿ. 2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅನುಭವ ಪ್ರಕಟಿಸಿದರು. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್, ದೋಷವಿಲ್ಲದ ಡಿಸ್ಕ್‌ಗಿಂತ ಮುಂದಿನ 60 ದಿನಗಳಲ್ಲಿ ಸಾಯುವ ಸಂಭವ 39 ಪಟ್ಟು ಹೆಚ್ಚು ಎಂದು ಕಂಡಿತ್ತು. ಅದೇ ವರದಿಯ ಇನ್ನೊಂದು ಮುಖ: ಸತ್ತ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಮುಖ್ಯ ಸೂಚಕಗಳಲ್ಲಿ ಒಂದರಲ್ಲೂ ಸುಳಿವು ಕೊಟ್ಟಿರಲಿಲ್ಲ. ಅಂಕಿ ಕೆಟ್ಟದಾಗಿದ್ದರೆ ನಂಬಿ, ಚೆನ್ನಾಗಿದ್ದರೆ ನಂಬಬೇಡಿ.

ಇನ್ನು ನಕಲು. ಹೊಸ ಡಿಸ್ಕ್ /mnt/hosa ಎಂಬಲ್ಲಿ ಮೌಂಟ್ ಆಗಿದೆ, ಹಳೆಯದು /dev/sda ಎಂದಿಟ್ಟುಕೊಳ್ಳೋಣ:

```
cd /mnt/hosa
ddrescue -d -n /dev/sda disk.img disk.map
```

ಇದರಲ್ಲಿ disk.img ಎಂಬುದು ಇಮೇಜ್, disk.map ಎಂಬುದು ಎಲ್ಲಿ ಓದಿದೆ, ಎಲ್ಲಿ ಬಿಟ್ಟಿದೆ ಎಂಬ ನಕ್ಷೆ. ಆ ನಕ್ಷೆ ಸಣ್ಣ ಪಠ್ಯ ಫೈಲ್, ಆದರೆ ಇಡೀ ಕೆಲಸದ ಪ್ರಾಣ ಅದರಲ್ಲಿದೆ. ಯುಪಿಎಸ್ ಖಾಲಿಯಾಗಿ ಎಲ್ಲ ನಿಂತರೂ ಅದೇ ಸಾಲನ್ನು ಮತ್ತೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಕ್ಷೆ ಇಲ್ಲದಿದ್ದರೆ ಮೊದಲಿನಿಂದ ಓದಬೇಕು, ಅಂದರೆ ಓದಿದ್ದನ್ನೇ ಓದಿ ಡಿಸ್ಕ್ ಸವೆಸಬೇಕು. ಅದಕ್ಕೇ ನಕ್ಷೆಯನ್ನು ಪೆನ್ ಡ್ರೈವ್ ಲಿನಕ್ಸ್‌ನ ತಾತ್ಕಾಲಿಕ ಜಾಗದಲ್ಲಿ ಇಡದೆ ಹೊಸ ಡಿಸ್ಕ್‌ನಲ್ಲೇ ಇಡಬೇಕು. ಸಾಲಿನಲ್ಲಿರುವ -n ಹೇಳುವುದು, ಕಷ್ಟದ ಜಾಗಗಳನ್ನು ಕೆರೆಯುತ್ತ ಕೂರಬೇಡ, ಸುಲಭಕ್ಕೆ ಸಿಗುವುದನ್ನೆಲ್ಲ ಮೊದಲು ಬಾಚಿಕೋ ಎಂದು. ಡಿಸ್ಕ್ ನಡುದಾರಿಯಲ್ಲಿ ಸತ್ತರೂ ಬಹುಪಾಲು ಕೈಗೆ ಬಂದಿರಲಿ ಎಂಬ ಲೆಕ್ಕಾಚಾರ.

ಆರೋಗ್ಯವಂತ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೆ ಒಂದು ಟಿಬಿಗೆ ಹತ್ತಿರಹತ್ತಿರ ಮೂರು ಗಂಟೆ. ಹಳೆಯ ಯುಎಸ್‌ಬಿ 2.0 ದಾರಿಯಲ್ಲಾದರೆ ಎಂಟೊಂಬತ್ತು ಗಂಟೆ. ಸೊರಗಿದ ಡಿಸ್ಕ್ ಒಂದೆರಡು ದಿನವನ್ನೂ ತೆಗೆದುಕೊಳ್ಳಬಹುದು. ಆ ಹೊತ್ತಿನಲ್ಲಿ ತೆರೆಯ ಮೇಲಿನ ಮೂರು ಸಾಲಿನ ಮೇಲೆ ಕಣ್ಣಿಡಿ: pct rescued ಎಷ್ಟು ಶೇಕಡಾ ಬಂತು ಎನ್ನುತ್ತದೆ, current rate ಈಗಿನ ವೇಗ, time since last successful read ಕೊನೆಯ ಸಲ ಓದಲು ಸಿಕ್ಕು ಎಷ್ಟು ಹೊತ್ತಾಯಿತು ಎಂಬುದು. ವೇಗ ಅಲ್ಲಲ್ಲಿ ಕುಸಿದು ಮತ್ತೆ ಏರುತ್ತಿದ್ದರೆ ಗಾಬರಿ ಬೇಡ, ಕೆಟ್ಟ ಜಾಗ ದಾಟುತ್ತಿದೆ. ಮೂರನೆಯ ಸಾಲು ಹತ್ತು ನಿಮಿಷ ದಾಟಿಯೂ ಏರುತ್ತಲೇ ಇದ್ದರೆ, ಅಥವಾ ನಡುವೆ "ಟಕ್ ಟಕ್" ಶುರುವಾದರೆ, Ctrl-C ಒತ್ತಿ ನಿಲ್ಲಿಸಿ ಆಫ್ ಮಾಡಿ.

ಇನ್ನೂ ಒಂದು ಸುಳಿವಿದೆ. ddrescueview ಎಂಬ ಉಪಕರಣ ಆ ನಕ್ಷೆಯನ್ನು ಬಣ್ಣದ ಚೌಕಗಳಲ್ಲಿ ತೋರಿಸುತ್ತದೆ. ಕೆಟ್ಟ ಜಾಗ ಒಂದೆರಡು ಕಡೆ ಗುಡ್ಡೆಯಾಗಿದ್ದರೆ ಅದು ತಟ್ಟೆಯ ಮೇಲಿನ ಗಾಯ, ಮುಂದುವರಿಯಬಹುದು. ಸೀರೆಯ ಪಟ್ಟೆಯಂತೆ ಸಮ ಅಂತರದಲ್ಲಿ ಉದ್ದಕ್ಕೂ ಬಿಟ್ಟುಹೋಗಿದ್ದರೆ ಅನೇಕ ಹೆಡ್‌ಗಳಲ್ಲಿ ಒಂದು ಸತ್ತಿದೆ. ಸತ್ತ ಹೆಡ್‌ನ ಪಾಲನ್ನು ಮನೆಯಲ್ಲಿ ಎಷ್ಟು ಸಲ ಕೆದಕಿದರೂ ಬರುವುದಿಲ್ಲ. ಅಲ್ಲಿಗೆ ನಿಲ್ಲಿಸಿ ಲ್ಯಾಬ್ ದಾರಿ ಹಿಡಿಯಬೇಕು.

ನಮ್ಮ ಡಿಟಿಪಿ ಅಂಗಡಿಯಲ್ಲಿ ಗುಡ್ಡೆಯೇ ಕಂಡಿತು, ಮೊದಲ ಸುತ್ತಿನಲ್ಲಿ ಶೇ 99.6 ಬಂತು ಅನ್ನೋಣ. ಕೇಳಲು ಹಿತವಾಗಿದೆ. ಆದರೆ ಒಂದು ಟಿಬಿಯಲ್ಲಿ ಶೇ 0.4 ಅಂದರೆ ನಾಲ್ಕು ಜಿಬಿ, ಪೇಜ್‌ಮೇಕರ್ ಫೈಲ್‌ಗಳ ಲೆಕ್ಕದಲ್ಲಿ ಎಷ್ಟೋ ವರ್ಷದ ದುಡಿಮೆ. ಈಗ ಎರಡನೆಯ ಸುತ್ತು, ಅದೇ ನಕ್ಷೆಯೊಂದಿಗೆ:

```
ddrescue -d -r3 /dev/sda disk.img disk.map
```

ಈ ಸಲ ಬಿಟ್ಟ ತುಂಡುಗಳ ಒಳಗೆ ಹೊಕ್ಕು ಒಂದೊಂದೇ ಸೆಕ್ಟರ್ ಕೆರೆದು ನೋಡುತ್ತದೆ, ಉಳಿದದ್ದಕ್ಕೆ ಮೂರು ಸಲ ಮತ್ತೆ ಪ್ರಯತ್ನಿಸುತ್ತದೆ. ಇದು ಡಿಸ್ಕ್‌ಗೆ ಅತಿ ಹೆಚ್ಚು ನೋವು ಕೊಡುವ ಹಂತ, ಅದಕ್ಕೇ ಕೊನೆಯಲ್ಲಿದೆ. ನಾಲ್ಕು ಜಿಬಿ ಇದ್ದದ್ದು ಕೆಲವು ಎಂಬಿಗೆ ಇಳಿಯುವುದು ಅಪರೂಪವೇನಲ್ಲ, ಏಕೆಂದರೆ ಮೊದಲ ಸುತ್ತಿನಲ್ಲಿ ಕೆಟ್ಟ ಸೆಕ್ಟರ್‌ನ ಅಕ್ಕಪಕ್ಕದ ಒಳ್ಳೆಯ ಸೆಕ್ಟರ್‌ಗಳನ್ನೂ ಸೇರಿಸಿ ಹಾರಿರುತ್ತದೆ. ಮರುಪ್ರಯತ್ನದಿಂದ ಹೊಸದೇನೂ ಸಿಗುತ್ತಿಲ್ಲ ಎಂದು ಕಂಡಾಗ ಸಾಕು ಮಾಡಿ. ಹಳೆಯ ಡಿಸ್ಕ್ ಬಿಚ್ಚಿ, ತಾರೀಕು ಬರೆದು, ಕಪಾಟಿನಲ್ಲಿಡಿ. ಮತ್ತೆ ಅದನ್ನು ಮುಟ್ಟಬೇಕಾಗಿಲ್ಲ.

ಉಳಿದ ಆ ಕೆಲವು ಎಂಬಿ ಎಲ್ಲಿ ಬಿದ್ದಿದೆ ಎನ್ನುವುದು ಶೇಕಡಾ ಲೆಕ್ಕಕ್ಕಿಂತ ಮುಖ್ಯ. 2003ರಲ್ಲಿ ಕೊಲಂಬಿಯಾ ನೌಕೆ ಆಕಾಶದಲ್ಲೇ ಚೂರಾದಾಗ, ನಮ್ಮ ಕಲ್ಪನಾ ಚಾವ್ಲಾ ಇದ್ದ ನೌಕೆ ಅದು, ಕ್ಸೆನಾನ್ ಅನಿಲದ ಮೇಲಿನ ಒಂದು ಪ್ರಯೋಗದ ದತ್ತಾಂಶವಿದ್ದ ಹಾರ್ಡ್ ಡಿಸ್ಕ್ ಕೂಡ ನೆಲಕ್ಕೆ ಬಿತ್ತು. ಹೊರಗೆಲ್ಲ ಸುಟ್ಟು ಕರಕಲಾಗಿತ್ತು, ಮುಚ್ಚಳದ ಸೀಲ್ ಕರಗಿ ಒಳಗೆ ಧೂಳು ನುಗ್ಗಿ ತಟ್ಟೆಯ ಮೇಲೆ ಗುಳಿ ಬಿದ್ದಿತ್ತು. ಆದರೂ ಅಮೆರಿಕದ ಮಿನೆಸೋಟಾದಲ್ಲಿರುವ ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯ ಎಂಜಿನಿಯರುಗಳು ಶೇ 99ರಷ್ಟು ದತ್ತಾಂಶ ಹೊರತೆಗೆದರು. ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವೂ ಆಯಿತು. ಕಾರಣ, ಡಿಸ್ಕ್ ಅರ್ಧ ಮಾತ್ರ ತುಂಬಿತ್ತು, ಗುಳಿಗಳು ಖಾಲಿ ಭಾಗದಲ್ಲಿದ್ದವು. ಸಿಕ್ಕಿದವರು ಯಾರಾದರೂ ಅದಕ್ಕೆ ಕರೆಂಟು ಕೊಟ್ಟು "ಓಡುತ್ತಾ ನೋಡೋಣ" ಎಂದಿದ್ದರೆ ಏನಾಗುತ್ತಿತ್ತೋ ಎಂದು ನಾನು ನನ್ನ ಕಡೆಯಿಂದ ಸೇರಿಸುತ್ತೇನೆ.

ನಮ್ಮ ಅಂಗಡಿಯ ಇಮೇಜಿನಲ್ಲಿ ಯಾವ ಫೈಲ್‌ಗಳಿಗೆ ಪೆಟ್ಟಾಗಿದೆ ಎಂದು ತಿಳಿಯಲು ddrescue ತನ್ನಲ್ಲೇ ಒಂದು ಜಾಣ ದಾರಿ ಇಟ್ಟುಕೊಂಡಿದೆ. ಮೊದಲು ಇಮೇಜ್ ಮತ್ತು ನಕ್ಷೆ ಎರಡರದ್ದೂ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಮೂಲ ಇಮೇಜನ್ನು ಮುಟ್ಟಬೇಡಿ. ಆ ಪ್ರತಿಯಲ್ಲಿ, ಓದಲಾಗದ ಸೆಕ್ಟರ್‌ಗಳಲ್ಲಿ ಮಾತ್ರ ಒಂದು ಗುರುತಿನ ಪದ ತುಂಬಿಸಬಹುದು:

```
printf "HALU-SECTOR " > gurutu
ddrescue --fill-mode=- gurutu disk2.img disk2.map
losetup -r -P -f --show disk2.img
mkdir -p /mnt/nodu
mount -o ro /dev/loop0p2 /mnt/nodu
grep -rl "HALU-SECTOR" /mnt/nodu
```

ಮೂರನೆಯ ಸಾಲು ಇಮೇಜನ್ನು ಓದಲು ಮಾತ್ರ ಬರುವ ಡಿಸ್ಕ್‌ನಂತೆ ಜೋಡಿಸಿ ಅದರ ಹೆಸರು ತೋರಿಸುತ್ತದೆ. ಇಲ್ಲಿ loop0p2 ಎಂದು ಬರೆದಿರುವುದು ಉದಾಹರಣೆಗೆ. ನಿಮ್ಮ ಡಿ ಡ್ರೈವ್ ಎಷ್ಟನೆಯದೋ ಅದನ್ನು lsblk ನೋಡಿ ಹಾಕಬೇಕು. ಕೊನೆಯ ಸಾಲು ಪೆಟ್ಟು ತಿಂದ ಫೈಲ್‌ಗಳ ಹೆಸರನ್ನು ಪಟ್ಟಿ ಮಾಡಿಕೊಡುತ್ತದೆ. ಮೂರ್ನಾಲ್ಕು ಹೆಸರು ಬಂದು, ಅವೂ ವಿಂಡೋಸ್‌ನ ಸ್ವಂತ ಫೈಲ್‌ಗಳಾಗಿದ್ದರೆ ಅಂಗಡಿಯವರ ಪುಣ್ಯ. ಹಳೆಯ ವಾರ್ಷಿಕ ವರದಿಯೊಂದು ಪಟ್ಟಿಯಲ್ಲಿದ್ದರೆ, ಅದನ್ನು ಸಂಘದಿಂದ ಮುದ್ರಿತ ಪ್ರತಿ ತರಿಸಿ ಮತ್ತೆ ಟೈಪ್ ಮಾಡಿದರಾಯಿತು. ಕಳೆದದ್ದು ಏನು ಎಂದು ಗೊತ್ತಾಯಿತಲ್ಲ, ಅದೇ ದೊಡ್ಡದು. ಸ್ಮರಣ ಸಂಚಿಕೆಯನ್ನು ಇಲ್ಲಿಂದ ಕಾಪಿ ಮಾಡಿ ಪ್ರೆಸ್ಸಿಗೆ ಕಳಿಸಬಹುದು. ಫೋಲ್ಡರ್‌ಗಳ ದಾಖಲೆಗೇ ಪೆಟ್ಟಾಗಿ ಮೌಂಟ್ ಆಗದಿದ್ದರೆ TestDisk, ಅದೂ ಆಗದಿದ್ದರೆ PhotoRec ಇದೆ. PhotoRec ಫೈಲ್‌ನ ಒಳಗಿನ ಗುರುತು ಹಿಡಿದು ಹುಡುಕುತ್ತದೆ, ಆದರೆ ಫೈಲ್‌ಗಳ ಹೆಸರು ಉಳಿಯುವುದಿಲ್ಲ. ಇವೆರಡನ್ನೂ ಇಮೇಜಿನ ಪ್ರತಿಯ ಮೇಲೆ ಎಷ್ಟು ಸಲ ಬೇಕಾದರೂ ಪ್ರಯೋಗಿಸಿ. ಕೆಟ್ಟರೆ ಇನ್ನೊಂದು ಪ್ರತಿ ಮಾಡಿಕೊಂಡರೆ ಮುಗಿಯಿತು.

ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ಗಳಿಗೆ ಈ ಮಾತು ಪೂರ್ತಿ ಹೊಂದುವುದಿಲ್ಲ. ಅದರಲ್ಲಿ ತಿರುಗುವುದೇನಿಲ್ಲ, ಸದ್ದಿಲ್ಲ, ಹೋಗುವಾಗ ಬಹಳ ಸಲ ಹೇಳದೆ ಕೇಳದೆ ಒಮ್ಮೆಗೇ ಕಾಣದಾಗುತ್ತದೆ. ಅಳಿಸಿದ ಫೈಲ್ ಬೇಕಿದ್ದರಂತೂ ಆಫ್ ಮಾಡುವುದು ಇನ್ನೂ ತುರ್ತು, ಏಕೆಂದರೆ ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ಸುಮ್ಮನೆ ಕೂತಾಗಲೂ ತಾನಾಗಿ ಗುಡಿಸಿ ಖಾಲಿ ಮಾಡುತ್ತಿರುತ್ತದೆ. ಓದಲು ಸಿಗುತ್ತಿದ್ದರೆ ಇಮೇಜ್ ತೆಗೆಯುವ ವಿಧಾನ ಮಾತ್ರ ಅದೇ. ಇನ್ನೊಂದು ತೊಡಕು ಬಿಟ್‌ಲಾಕರ್. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅನೇಕರಿಗೆ ಗೊತ್ತೇ ಇಲ್ಲದೆ ಅದು ಚಾಲೂ ಇರುತ್ತದೆ. ಇಮೇಜ್ ಸಲೀಸಾಗಿ ಬರುತ್ತದೆ, ಒಳಗಿನದು ಬೀಗದಲ್ಲಿರುತ್ತದೆ. ತೆರೆಯಲು 48 ಅಂಕಿಯ ರಿಕವರಿ ಕೀ ಬೇಕು. ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಡಿಸ್ಕ್ ಚೆನ್ನಾಗಿರುವ ಇವತ್ತೇ ಅದನ್ನು ಕಾಗದಕ್ಕೆ ಇಳಿಸಿಟ್ಟುಕೊಂಡರೆ ಒಳ್ಳೆಯದು.

ಲ್ಯಾಬ್‌ಗೆ ಕೊಡುವ ಪರಿಸ್ಥಿತಿ ಬಂದವರಿಗೆ ಒಂದೆರಡು ಮಾತು. ಡಿಸ್ಕ್ ಅನ್ನು ಫ್ರಿಜ್‌ನಲ್ಲಿಟ್ಟರೆ ಓಡುತ್ತದೆ ಎಂಬ ಹಳೆಯ ಉಪಾಯ ಇನ್ನೂ ಓಡಾಡುತ್ತಿದೆ. ಹೊರತೆಗೆದ ಕೂಡಲೇ ಒಳಗೆ ತೇವ ಕೂರುತ್ತದೆ, ತಟ್ಟೆ ಹಾಳಾಗುತ್ತದೆ. ತಟ್ಟಿ ನೋಡುವುದು, ಮುಚ್ಚಳ ಬಿಚ್ಚಿ ನೋಡುವುದು ಇನ್ನೂ ಕೆಟ್ಟದ್ದು. ಹೆಡ್ ಬದಲಾಯಿಸಲು ಅದೇ ಮಾದರಿಯ ಇನ್ನೊಂದು ಡಿಸ್ಕ್ ಮತ್ತು ಧೂಳಿಲ್ಲದ ಕೋಣೆ ಬೇಕು. ಅದೇ ಮಾದರಿಯ ಡಿಸ್ಕ್‌ನ ಹಸಿರು ಬೋರ್ಡ್ ತಂದು ಬದಲಿಸಿದರೂ ಈಗಿನ ಡಿಸ್ಕ್ ಬಹುಮಟ್ಟಿಗೆ ಏಳುವುದಿಲ್ಲ. ಆಯಾ ಡಿಸ್ಕ್‌ಗೇ ಹೊಂದಿಸಿದ ಅಳತೆಗಳು ಆ ಬೋರ್ಡಿನ ಚಿಪ್‌ನಲ್ಲಿರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೇ ಕೊಡಿ, ದೊಡ್ಡ ಲ್ಯಾಬ್‌ಗೇ ಕೊಡಿ, ಮೊದಲು ಇಷ್ಟು ಕೇಳಿ: ಇಮೇಜ್ ತೆಗೆದು ಅದರ ಮೇಲೆ ಕೆಲಸ ಮಾಡುತ್ತೀರಾ, ಅಥವಾ ಮೂಲ ಡಿಸ್ಕ್ ಮೇಲೆಯೇ ಸಾಫ್ಟ್‌ವೇರ್ ಓಡಿಸುತ್ತೀರಾ? ಸಿಗದಿದ್ದರೆ ಡಿಸ್ಕ್ ಅನ್ನು ಹೇಗಿತ್ತೋ ಹಾಗೆ ಹಿಂದಿರುಗಿಸುತ್ತೀರಾ? ಮೊದಲ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಡಿಸ್ಕ್ ಎತ್ತಿಕೊಂಡು ಬನ್ನಿ. ಏನೇನು ಆಯಿತು, ಎಷ್ಟು ಸಲ ಆನ್ ಮಾಡಿದಿರಿ, ಬಿದ್ದಿತ್ತಾ ಎನ್ನುವುದನ್ನು ಮುಚ್ಚಿಡದೆ ಹೇಳಿ. ಅವರ ಮೊದಲ ಹೆಜ್ಜೆ ಅದರ ಮೇಲೆ ನಿಂತಿದೆ.

ಇಷ್ಟೆಲ್ಲ ಯಾರಿಂದಾಗುತ್ತೆ ಅನ್ನಿಸಿದರೆ, ಹಗ್ಗದಂಥ ಈ ಕಮಾಂಡ್‌ಗಳನ್ನು ಬಿಟ್ಟುಬಿಡಿ. ನಿಮ್ಮ ಪಾಲಿಗೆ ಉಳಿಯುವ ಕೆಲಸ ಎರಡು. ಅನುಮಾನ ಬಂದ ಕೂಡಲೇ ಆಫ್ ಮಾಡಿ ಪ್ಲಗ್ ಕೀಳಿ. ರಿಪೇರಿಗೆ ಕೊಡುವಾಗ ಸಿಪಿಯು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಅಂಟಿಸಿ: "ಆನ್ ಮಾಡಬೇಡಿ. ಫಾರ್ಮ್ಯಾಟ್ ಬೇಡ, chkdsk ಬೇಡ, ಮೊದಲು ಡಿಸ್ಕ್ ಇಮೇಜ್."